ಕ್ಲಚ್ ಸ್ಲಿಪ್: ಪ್ಲೇಟ್ ಸವೆದಿದೆಯೋ, ಆಯಿಲ್ ಬಿದ್ದಿದೆಯೋ?

ಪ್ರಶ್ನೆ: ನನ್ನ ಕಾರು 62,000 ಕಿ.ಮೀ. ಓಡಿದೆ. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹೊರಡುವಾಗ ಗಾಡಿ ನಡುಗುತ್ತದೆ. ಒಬ್ಬ ಮೆಕ್ಯಾನಿಕ್ ಪ್ಲೇಟ್ ಸವೆದಿದೆ ಎಂದರು, ಇನ್ನೊಬ್ಬರು ಆಯಿಲ್ ಬಿದ್ದಿದೆ ಎಂದರು. ಗೇರ್‌ಬಾಕ್ಸ್ ಇಳಿಸುವ ಮೊದಲೇ ತಿಳಿಯಬಹುದೇ?
— ಓದುಗರೊಬ್ಬರು, ಬೆಳ್ತಂಗಡಿ

ಸಂಪಾದಕರ ಉತ್ತರ: ಮುಕ್ಕಾಲು ಪಾಲು ತಿಳಿಯಬಹುದು. ಉಳಿದದ್ದು ಬಿಚ್ಚಿದ ಮೇಲೇ.

ಮೊದಲು ಪೆಡಲ್ ನೋಡಿ. ನಿಮ್ಮದು ಕೇಬಲ್ ಕ್ಲಚ್ ಆಗಿದ್ದರೆ, ಕೈಯಿಂದ ಒತ್ತಿದಾಗ ಶುರುವಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಲ್ಲದಿದ್ದರೆ ಕೇಬಲ್ ಬಿಗಿಯಾಗಿ, ಕಾಲು ತೆಗೆದರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಅಡ್ಜಸ್ಟ್ ಮಾಡಿದರೆ ಸಾಕಾಗಬಹುದು. ಎಷ್ಟೋ ಜನ ಇದನ್ನು ನೋಡದೆ ಸುಮ್ನೆ ಪ್ಲೇಟ್ ಬದಲಿಸುತ್ತಾರೆ.

ಪೆಡಲ್ ಸರಿಯಿದ್ದರೆ ಖಾಲಿ ನೇರ ರಸ್ತೆಗೆ ಹೋಗಿ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಚಂಗನೆ ಏರಿ ವೇಗ ನಿಧಾನಕ್ಕೆ ಏರಿದರೆ ಸ್ಲಿಪ್ ಖಚಿತ. ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ.

ಇನ್ನು ಕಾರಣ. ಸವೆತ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಕೇಬಲ್ ಕ್ಲಚ್‌ನಲ್ಲಾದರೆ ಹಿಡಿಯುವ ಜಾಗವೂ ಮೇಲೆ ಮೇಲೆ ಹೋಗುತ್ತದೆ. ಆಯಿಲ್ ಬಿದ್ದರೆ ಹಾಗಲ್ಲ. ಬೇಗನೆ ಕಾಣಿಸಿಕೊಳ್ಳುತ್ತದೆ, ಹೊರಡುವಾಗ ಕ್ಲಚ್ ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ನಿಮ್ಮ ಗಾಡಿಯ ನಡುಕ ನನಗೆ ಆಯಿಲ್ ಅನುಮಾನ ತರುವುದು ಇದಕ್ಕೇ. ಎಂಜಿನ್ ಮೌಂಟಿಂಗ್ ಹಾಳಾದರೂ ನಡುಗಬಹುದು, ಹಾಗಾಗಿ ಇದೊಂದನ್ನೇ ನಂಬಬೇಡಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಭಾಗ ಒರೆಸಿ, ರಾತ್ರಿ ಅಡಿಯಲ್ಲಿ ಬಿಳಿ ಕಾಗದ ಹಾಕಿ. ಬೆಳಿಗ್ಗೆ ಕಪ್ಪಗೆ ತೆಳ್ಳಗಿನ ಹನಿ ಬಿದ್ದಿದ್ದರೆ ಎಂಜಿನ್ ಆಯಿಲ್, ಹಿಂದಿನ ಕ್ರ್ಯಾಂಕ್ ಸೀಲ್ ಸೋರುತ್ತಿರಬಹುದು. ದಪ್ಪಗಿದ್ದು ಗಂಧಕದ ನಾತ ಬಂದರೆ ಗೇರ್ ಆಯಿಲ್. ಒಂದು ಎಚ್ಚರ: ಮೇಲಿನ ರಾಕರ್ ಕವರ್‌ನಿಂದ ಸೋರಿದ ಆಯಿಲ್ ಎಂಜಿನ್ ಬೆನ್ನಿನ ಮೇಲೆ ಇಳಿದು ಇಲ್ಲೇ ತೊಟ್ಟಿಕ್ಕುತ್ತದೆ. ಅಲ್ಲೂ ಟಾರ್ಚ್ ಹಾಕಿ ನೋಡಿ. ಹನಿಯೇ ಇಲ್ಲ ಅಂದ ಮಾತ್ರಕ್ಕೆ ಒಳಗೆ ಆಯಿಲ್ ಇಲ್ಲ ಎಂದಲ್ಲ.

ಗೇರ್‌ಬಾಕ್ಸ್ ಇಳಿಸಿದಾಗ ನೀವೇ ಹೋಗಿ ನಿಂತು ಹಳೆ ಪ್ಲೇಟ್ ಕೈಗೆ ತೆಗೆದುಕೊಳ್ಳಿ. ಲೈನಿಂಗ್ ರಿವಿಟ್ ತಲೆಯವರೆಗೆ ತೆಳುವಾಗಿದ್ದರೆ ಸವೆತ. ಲೈನಿಂಗ್ ದಪ್ಪ ಇದ್ದೂ ಕಪ್ಪಗೆ ಗಾಜಿನಂತೆ ಹೊಳೆಯುತ್ತಾ, ಮಧ್ಯದಿಂದ ಅಂಚಿಗೆ ಜಿಡ್ಡಿನ ಗೆರೆ ಹರಿದಿದ್ದರೆ ಆಯಿಲ್. ಪೆಟ್ರೋಲಿನಲ್ಲಿ ತೊಳೆದು ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಲೈನಿಂಗ್ ಒಳಕ್ಕೆ ಹೀರಿದ ಆಯಿಲ್ ಬಿಸಿಯಾದಾಗ ಮತ್ತೆ ಹೊರಬರುತ್ತದೆ.

ಯಾವ ಸೀಲ್ ಅನ್ನೋದಕ್ಕೆ ಫ್ಲೈವೀಲ್‌ನ ಎಂಜಿನ್ ಕಡೆಯ ಬದಿ ನೋಡಿ. ಅಲ್ಲಿ ಒದ್ದೆ ಇದ್ದರೆ ಕ್ರ್ಯಾಂಕ್ ಸೀಲ್. ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬುಡದಲ್ಲಿ ಒದ್ದೆ ಇದ್ದರೆ ಅದರ ಸೀಲ್. ಸೀಲ್ ಬೆಲೆ ಕಡಿಮೆ, ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ಜಾಸ್ತಿ ಅಲ್ವಾ? ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಜೊತೆಗೆ ಸೋರುವ ಸೀಲನ್ನೂ ಅದೇ ದಿನ ಹಾಕಿಸಿ. ಅಲ್ಲಿಯವರೆಗೆ ಘಾಟಿ ಬೇಡ.