ಡೈವೋರ್ಸ್ ಬೇಡ, ಬೇರೆ ಇರಬೇಕು ಅಂದ್ರೆ?

ಪ್ರಶ್ನೆ: ನನಗೆ ಡೈವೋರ್ಸ್ ಬೇಡ, ಆದರೆ ಗಂಡನ ಜೊತೆ ಇರೋಕೂ ಆಗಲ್ಲ. ಜುಡಿಷಿಯಲ್ ಸೆಪರೇಷನ್ ತಗೊಂಡ್ರೆ ಏನು ಬದಲಾಗುತ್ತೆ?

ನೀವು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರು ಅಂದುಕೊಂಡು ಹೇಳುತ್ತೇನೆ. ಅದರ 10ನೇ ಸೆಕ್ಷನ್ ಪ್ರಕಾರ ಫ್ಯಾಮಿಲಿ ಕೋರ್ಟ್ ಡಿಕ್ರಿ ಕೊಟ್ಟರೆ ನೀವು ಒಟ್ಟಿಗೆ ಬಾಳಲೇಬೇಕು ಅನ್ನುವ ಬಾಧ್ಯತೆ ಹೋಗುತ್ತದೆ. ಮದುವೆ ಮಾತ್ರ ಉಳಿಯುತ್ತದೆ. ಹಾಗಾಗಿ ಇಬ್ಬರೂ ಮರುಮದುವೆ ಆಗುವಂತಿಲ್ಲ. ಜೀವನಾಂಶ ಕೇಳಬಹುದು. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಯಾಗಿ ನಿಮ್ಮ ಪಾಲೂ ಉಳಿದಿರುತ್ತದೆ. ಎಷ್ಟೋ ಜನ ಇದನ್ನು ಆರಿಸುವುದು ಈ ಕಾರಣಕ್ಕೇ. ಇನ್ನು ಕೆಲವರಿಗೆ ಮುಂದೆ ಸರಿಹೋಗಬಹುದು ಅನ್ನುವ ಆಸೆ. ನಿಜವಾಗಿ ಸರಿಹೋದರೆ ಅರ್ಜಿ ಹಾಕಿ ಡಿಕ್ರಿ ರದ್ದು ಮಾಡಿಸಬಹುದು.

ಆದರೆ ಸುಮ್ನೆ ಬೇರೆ ಇರೋಣ ಅಂತ ಕೇಳಿದರೆ ಸಿಗುವುದಿಲ್ಲ. ಕ್ರೌರ್ಯ, ತೊರೆದು ಹೋಗಿರುವುದು, ಹೀಗೆ ಡೈವೋರ್ಸ್‌ಗೆ ಬೇಕಾದಂಥ ಕಾರಣವನ್ನೇ ತೋರಿಸಬೇಕು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಡಿಕ್ರಿಯಾಗಿ ಒಂದು ವರ್ಷವಾದರೂ ನೀವು ಮತ್ತೆ ಒಂದಾಗದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಅದೇ ಆಧಾರದ ಮೇಲೆ ಡೈವೋರ್ಸ್ ಕೇಳಬಹುದು. ತಪ್ಪು ಮಾಡಿದ ಗಂಡನೂ ಕೇಳಬಹುದು! ಹಾಗಂತ ಕೋರ್ಟ್ ಕಣ್ಣುಮುಚ್ಚಿ ಕೊಡುವುದಿಲ್ಲ. ಕರ್ನಾಟಕದ ಒಂದು ಕೇಸಿನಲ್ಲಿ, ಪರಸ್ತ್ರೀ ಸಂಬಂಧದ ಕಾರಣಕ್ಕೆ ಹೆಂಡತಿ ಸೆಪರೇಷನ್ ಪಡೆದಿದ್ದರು. ಗಂಡ ಜೀವನಾಂಶ ಕಟ್ಟಲಿಲ್ಲ, ಆ ಸಂಬಂಧವನ್ನೂ ಬಿಡಲಿಲ್ಲ, ಆಮೇಲೆ ಡೈವೋರ್ಸ್ ಕೇಳಿದ. 2001ರಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಆದರೆ ಜೀವನಾಂಶ ಸರಿಯಾಗಿ ಕಟ್ಟುತ್ತಾ ಸುಮ್ಮನಿರುವ ಗಂಡನನ್ನು ತಡೆಯುವುದು ಕಷ್ಟ. ಮದುವೆ ಉಳಿಯಲೇಬೇಕು ಅನ್ನುವುದು ನಿಮ್ಮ ಉದ್ದೇಶವಾದರೆ, ಅರ್ಜಿ ಹಾಕುವ ಮೊದಲೇ ವಕೀಲರ ಹತ್ತಿರ ಈ ಒಂದು ವರ್ಷದ ಮಾತು ಎತ್ತಿ.