ಒಂದು ಸೈಜ್ ದೊಡ್ಡ ಶೂ ತಗೊಂಡ್ರೂ ಆಣಿ ಯಾಕೆ ಉಜ್ಜುತ್ತೆ?

ಪ್ರಶ್ನೆ: ನಾನು ಕುಮಟಾ ಹತ್ರ ಶಾಲೇಲಿ ಟೀಚರ್, ವಯಸ್ಸು 56. ಬಲಗಾಲಿನ ಎರಡನೇ ಬೆರಳು ಕೊಕ್ಕೆ ತರ ಬಗ್ಗಿ ಗೆಣ್ಣು ಮೇಲೆದ್ದಿದೆ, ಅದ್ರ ಮೇಲೇ ಆಣಿ. ಕಾರ್ನ್ ಪ್ಲಾಸ್ಟರ್ ಹಚ್ಚಿದ್ರೆ ಹೋಗಿ ಮತ್ತೆ ಬರತ್ತೆ. 6 ನಂಬರ್ ಬದ್ಲು 7 ತಗೊಂಡೆ, ಮೆತ್ತನೆ ಸೋಲೂ ಹಾಕಿಸ್ದೆ, ಇನ್ನೂ ಜಾಸ್ತಿ ನೋವು. ಶುಗರ್ ಇದೆ, ಮಾತ್ರೆ ತಗೊಳ್ತೀನಿ. ಮಳೆಗಾಲಕ್ಕೆ ಏನು ಹಾಕ್ಕೊಳ್ಳಲಿ?

ಉತ್ತರ: ಅಕ್ಕೋರೆ, ಮೊದ್ಲು ಆ ಪ್ಲಾಸ್ಟರ್ ನಿಲ್ಸಿ. ಅದ್ರಲ್ಲಿರೋದು ಸ್ಯಾಲಿಸಿಲಿಕ್ ಆಸಿಡ್, ಗಟ್ಟಿ ಚರ್ಮ ಯಾವ್ದು ಒಳ್ಳೆ ಚರ್ಮ ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ, ಶುಗರ್ ಇದ್ದೋರಿಗೆ ಕಾಲಿನ ಸ್ಪರ್ಶ ಕಮ್ಮಿ ಇರಬಹುದು, ಸುಟ್ಟಿದ್ದು ಗೊತ್ತಾಗೋ ಹೊತ್ತಿಗೆ ಹುಣ್ಣಾಗಿರತ್ತೆ. ಬ್ಲೇಡಲ್ಲಿ ಕೆರೆಯೋದೂ ಬೇಡ. ಆಣಿ ಒಳಗೆ ಕಪ್ಪು-ಕೆಂಪು ಚುಕ್ಕೆ ಕಂಡ್ರೆ, ನೀರು ಸುರಿದ್ರೆ, ಸುತ್ತ ಕೆಂಪಾಗಿ ಬಿಸಿ ಇದ್ರೆ ಶೂ ವಿಚಾರ ಆಮೇಲೆ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ಈಗ ಶೂ. ನಮ್ಮಲ್ಲಿ ಶೂ ನಂಬರ್ ಒಂದು ಹೆಚ್ಚಾದ್ರೆ ಉದ್ದ ಸುಮಾರು 8 ಮಿಲಿಮೀಟರ್ ಹೆಚ್ಚಾಗತ್ತೆ, ಆದ್ರೆ ಬೆರಳ ಮೇಲಿನ ಎತ್ತರ ಹೆಚ್ಚೋದು ತೀರಾ ಸ್ವಲ್ಪ. ನಿಮಗೆ ಬೇಕಾಗಿದ್ದಿದ್ದು ಎತ್ತರ, ಸಿಕ್ಕಿದ್ದು ಉದ್ದ. ಆ ಉದ್ದ ಉಪಕಾರ ಮಾಡೋದಿರ್ಲಿ ಅಪಕಾರವೇ ಮಾಡತ್ತೆ, ಯಾಕಂದ್ರೆ ಸಡಿಲ ಶೂ ಒಳಗೆ ಪಾದ ಮುಂದೆ ಜಾರತ್ತೆ, ಶೂ ಕಳಚಿ ಹೋಗ್ದೇ ಇರ್ಲಿ ಅಂತ ಬೆರಳುಗಳು ತಾವಾಗೇ ಬಗ್ಗಿ ನೆಲ ಹಿಡಿತಾವೆ, ಹಿಡಿದಷ್ಟೂ ಗೆಣ್ಣು ಮೇಲಕ್ಕೆ. ಅದ್ರ ಮೇಲೆ ಮೆತ್ತನೆ ಸೋಲ್ ಬೇರೆ ಹಾಕಿಸಿದ್ರಿ, ಅದು ಕಾಲನ್ನ ಅಷ್ಟು ಎತ್ತರಕ್ಕೆ ಎತ್ತಿ ಗೆಣ್ಣನ್ನ ಸೀದಾ ಚಾವಣಿಗೆ ಒತ್ತಿಬಿಟ್ಟಿದೆ. ಸಿಲಿಕೋನ್ ಟೋ ಕ್ಯಾಪಿನ ಕತೆನೂ ಇದೇ, ಜಾಗ ಇರೋ ಶೂನಲ್ಲಿ ಹಾಯ್ ಅನ್ಸತ್ತೆ, ಇಕ್ಕಟ್ಟು ಶೂನಲ್ಲಿ ಅದೇ ಒಂದು ಹೊಸ ಒತ್ತಡ.

ಶಿರಸಿ ಕಡೆಯ ಒಬ್ರು ಬಸ್ ಕಂಡಕ್ಟರ್ ಇದೇ ತೊಂದ್ರೆ ತಗೊಂಡು ಬಂದಿದ್ರು, ಡ್ಯೂಟಿಗೆ ಶೂ ಹಾಕ್ಲೇಬೇಕು, ಚಪ್ಪಲಿ ಹಾಕಂಗಿಲ್ಲ. ಅವರನ್ನ ನಿಲ್ಸಿ (ಕೂತ್ರೆ ಅಳತೆ ತಪ್ಪತ್ತೆ) ನೆಲದಿಂದ ಗೆಣ್ಣಿನ ತುದಿವರೆಗೆ ಸ್ಕೇಲ್ ಇಟ್ಟೆ, 28 ಮಿಲಿಮೀಟರ್ ಬಂತು, ಸಾಕ್ಸ್‌ಗೆ 2 ಸೇರಿಸಿ 30 ಅಂದ್ಕೊಂಡ್ವಿ. ಶೂ ಒಳಗಿನ ಎತ್ತರ ಸ್ಕೇಲಲ್ಲಿ ಸಿಗಲ್ಲ, ಅದಕ್ಕೆ ನಾನು ಚಪಾತಿ ಹಿಟ್ಟಿನ ಉಂಡೆ ಉಪಯೋಗಿಸ್ತೀನಿ. ಸ್ವಲ್ಪ ಗಟ್ಟಿಯಾಗೇ ನಾದಿ, ತೆಳು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಗೆಣ್ಣು ಬರೋ ಜಾಗದಲ್ಲಿ ಇಟ್ಟು ಮೇಲಿನ ಚರ್ಮ ಅದ್ರ ಸಹಜ ಆಕಾರದಲ್ಲಿ ಕೂರೋ ಹಾಗೆ ಮೆಲ್ಲಗೆ ಒತ್ತಿ, ಹುಷಾರಾಗಿ ತೆಗೆದು ಅಳೀರಿ. ಅವರ ಶೂನಲ್ಲಿ 25 ಬಂತು. ಅಂದ್ರೆ ಐದು ಮಿಲಿಮೀಟರ್ ಸಾಲ್ತಾ ಇಲ್ಲ, ನೋಡೋಕೆ ಅಕ್ಕಿಕಾಳಿನಷ್ಟು, ದಿನಕ್ಕೆ ಹತ್ತು ತಾಸು ಉಜ್ಜಿದ್ರೆ ಆಣಿ ಬರೋಕೆ ಸಾಕು.

ಅವ್ರ ಶೂ ಒಳಗಿನ ಇನ್‌ಸೋಲ್ ಅಂಟಿಸಿರ್ಲಿಲ್ಲ, ಎತ್ತಿದ್ರೆ ಬಂತು, 5 ಮಿಲಿಮೀಟರ್ ದಪ್ಪ. ಅದ್ರ ಬದ್ಲು 2 ಮಿಲಿಮೀಟರ್‌ದು ಹಾಕಿ ಮೂರು ಉಳಿಸಿದ್ವಿ. ಉಳಿದ ಎರಡಕ್ಕೆ ಚರ್ಮನೇ ಹಿಗ್ಗಿಸಿದ್ವಿ. ಎಲ್ಲಿ ಹಿಗ್ಗಿಸ್ಬೇಕು ಅಂತ ಅಂದಾಜಲ್ಲಿ ಹೇಳೋಕಾಗಲ್ಲ, ಅದಕ್ಕೆ ಆಣಿ ಮೇಲೆ ಒಂದು ಚೂರು ಲಿಪ್‌ಸ್ಟಿಕ್ ಹಚ್ಚಿ ಸಾಕ್ಸ್ ಇಲ್ದೆ ನಾಲ್ಕು ಹೆಜ್ಜೆ ನಡೆಸಿದೆ, ಒಳಗೆ ಗುರುತು ಬಿತ್ತು, ಆ ಗುರುತಿಗೆ ಚಮ್ಮಾರರ ಹತ್ರ ಇಕ್ಕಳದಂಥ ಸಾಧನ ಇರತ್ತಲ್ಲ, ಒಂದು ಕಡೆ ಗುಂಡು ಇನ್ನೊಂದು ಕಡೆ ರಿಂಗು, ಅದನ್ನ ಕೊಟ್ಟು ರಾತ್ರಿಯಿಡೀ ಬಿಟ್ವಿ. ಒತ್ತಡ ತಪ್ಪಿದ ಮೇಲೆ ಕೆಲವು ವಾರದಲ್ಲಿ ಆಣಿ ತಾನಾಗೇ ಮೆತ್ತಗಾಯ್ತು. ಇದೆಲ್ಲ ನಡೆದಿದ್ದು ಅದು ನಿಜ ಚರ್ಮ ಆಗಿದ್ದಕ್ಕೆ, ರೆಕ್ಸಿನ್ ಹಿಗ್ಗಿದ ಹಾಗೆ ಕಂಡು ಮರುದಿನ ಮತ್ತೆ ಹಳೇ ಜಾಗಕ್ಕೆ ಬರತ್ತೆ. ಚರ್ಮದ್ದೇ ಆದ್ರೂ ಹತ್ತು ಮಿಲಿಮೀಟರ್ ಕಮ್ಮಿ ಬಿದ್ರೆ ಈ ಕಸರತ್ತು ಸಾಕಾಗಲ್ಲ, ಎಕ್ಸ್‌ಟ್ರಾ ಡೆಪ್ತ್ ಅಂತ ಬರೋ ಶೂನೇ ಬೇಕು. ಅವು ಮಾಮೂಲಿ ಶೂಗಿಂತ ಸುಮಾರು 6ರಿಂದ 9 ಮಿಲಿಮೀಟರ್ ಆಳ ಇರ್ತಾವೆ, ಇನ್‌ಸೋಲ್ ತೆಗೆದ್ರೆ ಇನ್ನಷ್ಟು.

ಎತ್ತರ ಸರಿ ಇದ್ದೂ ಉಜ್ಜೋದು ಉಂಟು, ಅದು ಹೊಲಿಗೆ ಕೆಲಸ. ಅಂಗಡೀಲಿ ಶೂ ತಗೊಂಡ್ರೆ ಹೊರಗಡೆ ನೋಡೋಕೆ ಮುಂಚೆ ಕೈ ಒಳಗೆ ಹಾಕಿ. ಬರಿಗೈಗಿಂತ ಹಳೇ ತೆಳು ನೈಲಾನ್ ಸಾಕ್ಸ್ ಕೈಗೆ ಹಾಕ್ಕೊಂಡು ಬೆರಳು ಬರೋ ಜಾಗದಲ್ಲೆಲ್ಲ ಮೆಲ್ಲಗೆ ಆಡಿಸಿ, ಎಲ್ಲಿ ದಾರ, ಗಂಟು, ಮಡಿಕೆ ಇದೆಯೋ ಅಲ್ಲಿ ಸಾಕ್ಸ್ ತಡೆಯತ್ತೆ. ಎರಡು ಕಡೆ ಜಾಸ್ತಿ ಗಮನ ಕೊಡಿ. ಒಂದು, ಬೆರಳ ಮೇಲೆ ಅಡ್ಡಡ್ಡ ಹೋಗೋ ಹೊಲಿಗೆ. ಇನ್ನೊಂದು ಹೊರಗೆ ಕಾಣಲ್ಲ, ಶೂ ಮೂತಿ ಗಟ್ಟಿ ನಿಲ್ಲೋಕೆ ಒಳಗೆ ಒಂದು ಬಿರುಸು ತುಂಡು ಇಡ್ತಾರೆ, ಅದು ಮುಗಿಯೋ ಅಂಚು ಎಷ್ಟೋ ಸಲ ಸರಿಯಾಗಿ ಗೆಣ್ಣಿನ ಮೇಲೇ ಬಂದಿರತ್ತೆ, ಹೆಬ್ಬೆರಳಲ್ಲಿ ಒತ್ತಿದ್ರೆ ಮೆಟ್ಟಿಲು ಸಿಕ್ಕ ಹಾಗೆ ಕೈಗೆ ಸಿಗತ್ತೆ. ಅಂಥ ಶೂ ಎಷ್ಟೇ ಚಂದ ಇರ್ಲಿ ವಾಪಸ್ ಇಡಿ. ಮೂತಿ ಮೆತ್ತಗಿರೋ, ಹೆಣೆದ ಬಟ್ಟೆಯ ಸ್ಪೋರ್ಟ್ಸ್ ಶೂ ನಿಮ್ಮ ತರದ ಬೆರಳಿಗೆ ಒಳ್ಳೇದು, ಆದ್ರೆ ಅದ್ರ ಮೇಲೂ ಡಿಸೈನ್ ಅಂತ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರ್ತಾರೆ, ಆ ಜಾಗ ಹಿಗ್ಗಲ್ಲ. ಶೂ ಸರಿ ಸಿಕ್ಕ ಮೇಲೂ ಸಾಕ್ಸಿನ ಹೊಲಿಗೆ ಉಳಿಯತ್ತೆ, ತಿರುಗಿಸಿ ಹಾಕ್ಕೊಳ್ಳಿ, ಯಾರೂ ನೋಡಲ್ಲ.

ಸಾಯಂಕಾಲ ಹೋಗಿ ತಗೊಳ್ಳಿ, ಆವಾಗ ಕಾಲು ಸ್ವಲ್ಪ ಊದಿರತ್ತೆ. ನಿಂತಾಗ ಎಲ್ಲಕ್ಕಿಂತ ಮುಂದಿರೋ ಬೆರಳಿಂದ ಮುಂದೆ ಹೆಬ್ಬೆರಳ ಅಗಲ ಜಾಗ ಇದ್ರೆ ಉದ್ದ ಸಾಕು. ಲೇಸ್ ಅಥವಾ ವೆಲ್ಕ್ರೋ ಇರ್ಲೇಬೇಕು, ಪಾದ ಹಿಂದೆ ಹಿಡಿದಿಡೋದು ಅದೇ, ಸುಮ್ನೆ ತೂರ್ಸೋ ಶೂ ನಿಮಗಲ್ಲ.

ಒಂದು ಪರೀಕ್ಷೆ ಮನೇಲೇ ಮಾಡಿ ನೋಡಿ. ಕೂತು ಆ ಬೆರಳಿನ ಬುಡದ ಕೆಳಗೆ, ಅಂಗಾಲಿನ ಉಬ್ಬಿನ ಜಾಗದಲ್ಲಿ, ಹೆಬ್ಬೆರಳಿಂದ ಮೇಲಕ್ಕೆ ಒತ್ತಿ. ಬೆರಳು ನೆಟ್ಟಗಾದ್ರೆ ಇನ್ನೂ ಬಾಗೋ ಸ್ಥಿತೀಲಿದೆ, ಒಳ್ಳೆ ಶೂ ಜೊತೆ ಬೆರಳಿಗೆ ಪ್ಯಾಡ್, ವ್ಯಾಯಾಮದಿಂದ ಇನ್ನೂ ಬಗ್ಗೋದನ್ನ ತಡೆಯೋಕೆ ನೋಡಬಹುದು. ಕಟ್ಟಿಗೆ ತರ ಹಾಗೇ ನಿಂತ್ರೆ ಯಾವ ಶೂನೂ ಅದನ್ನ ನೆಟ್ಟಗೆ ಮಾಡಲ್ಲ, ಜಾಗ ಕೊಡೋದಷ್ಟೇ ಶೂ ಕೆಲಸ, ಅಷ್ಟಾಗಿಯೂ ನೋವು ಹೋಗ್ದಿದ್ರೆ ಮೂಳೆ ಡಾಕ್ಟರಿಗೆ ತೋರ್ಸಿ.

ಮಳೆಗಾಲ ಅಂದ್ರಿ. ನಮ್ಮ ಕರಾವಳೀಲಿ ಜೂನ್ ಬಂದ್ರೆ ಎಲ್ರೂ ಪ್ಲಾಸ್ಟಿಕ್ ಶೂ, ಇಲ್ಲಾ ಹವಾಯಿ ಚಪ್ಪಲಿಗೆ ಇಳೀತೀವಿ. ಪ್ಲಾಸ್ಟಿಕ್ ಶೂ ಹಿಗ್ಗಲ್ಲ, ಒಳಗೆ ಬೆವರು ನಿಂತು ಬೆರಳ ಸಂದೀಲಿ ಬಿಳಿ ಮೆತ್ತನೆ ಆಣಿ ಬರತ್ತೆ. ಹವಾಯಿ ಚಪ್ಪಲಿ ಗೆಣ್ಣಿಗೆ ತಾಗಲ್ಲ ನಿಜ, ಆದ್ರೆ ಅದನ್ನ ಬೆರಳಲ್ಲೇ ಹಿಡಿದು ನಡೀಬೇಕು, ಬಗ್ಗಿದ ಬೆರಳು ಇನ್ನೂ ಬಗ್ಗತ್ತೆ. ನಿಮಗೆ ಹೇಳೋದಾದ್ರೆ ಹಿಂದೆ ಪಟ್ಟಿ ಇರೋ, ವೆಲ್ಕ್ರೋ ಇರೋ ಎಂಸಿಆರ್ ಸ್ಯಾಂಡಲ್, ಶುಗರ್ ಕಾಲಿಗೆ ಅಂತ ಸಿಗತ್ತಲ್ಲ ಅದು. ಅದ್ರಲ್ಲೂ ಮುಂದಿನ ಪಟ್ಟಿ ಎಲ್ಲಿ ಬರತ್ತೆ ನೋಡಿ, ಗೆಣ್ಣಿನ ಮೇಲೆ ಬಂದ್ರೆ ಕೆಟ್ಟದ್ದು, ಬೆರಳ ಬುಡಕ್ಕಿಂತ ಹಿಂದೆ ಪಾದದ ಮೇಲೆ ಬರ್ಬೇಕು, ಒಳಗೆ ಮೆತ್ತನೆ ಬಟ್ಟೆ ಇರ್ಬೇಕು. ಶಾಲೆಗೆ ಒಂದು ಜೊತೆ ಒಣಗಿದ್ದು ಬ್ಯಾಗಲ್ಲಿರ್ಲಿ. ಚರ್ಮದ ಶೂ ಒದ್ದೆ ಆದ್ರೆ ಒಲೆ ಹತ್ರ ಇಡಬೇಡಿ, ಬಿರುಸಾಗಿ ನಾವು ಹಿಗ್ಗಿಸಿದ್ದೆಲ್ಲ ವ್ಯರ್ಥ, ಪೇಪರ್ ತುಂಬಿ ಫ್ಯಾನ್ ಕೆಳಗೆ ಇಡಿ, ಪೇಪರ್ ಒದ್ದೆ ಆದ ಹಾಗೆ ಬದ್ಲಾಯಿಸಿ. ರಾತ್ರಿ ಕಾಲು ತೊಳೆದು ಬೆರಳ ಸಂದಿ ಒರೆಸುವಾಗ ಕಣ್ಣಾಡ್ಸಿ, ಹೊಸ ಶೂ ತಗೊಂಡ ಮೊದಲ ವಾರ ದಿನಕ್ಕೆ ಒಂದೆರಡು ತಾಸು ಮಾತ್ರ ಹಾಕಿ, ತೆಗೆದ ಮೇಲೆ ಗೆಣ್ಣು ಕೆಂಪಾಗಿ ಅರ್ಧ ತಾಸಾದ್ರೂ ಹೋಗ್ದಿದ್ರೆ ಆ ಶೂ ನಿಮ್ಮ ಕಾಲಿಗೆ ಆಗಲಿಲ್ಲ ಅಂತ.