ಕೊನೆಯ ದಿನದ ಎಟಿಎಂ ಆಪ್ಶನ್: ಹೆಡ್ಜ್ ಮಾಡಿದರೂ ನಷ್ಟ ಯಾಕೆ?

ಪ್ರಶ್ನೆ: ಸರ್, ಎಟಿಎಂ ಕಾಲ್ ಮಾರಿ, ಫ್ಯೂಚರ್ಸ್ ಕೊಂಡು ಡೆಲ್ಟಾ ಸೊನ್ನೆ ಮಾಡಿಟ್ಟುಕೊಳ್ಳುವುದು ನನ್ನ ಪದ್ಧತಿ. ಎಕ್ಸ್‌ಪೈರಿ ದೂರ ಇದ್ದಾಗ ದಿನಕ್ಕೊಮ್ಮೆ ಸರಿಮಾಡಿದರೆ ಸಾಕಾಗುತ್ತದೆ. ಮೊನ್ನೆ ಕೊನೆಯ ದಿನ ಮಾತ್ರ ಸೂಚ್ಯಂಕ ಬೆಳಿಗ್ಗೆ ಎಲ್ಲಿತ್ತೋ ಸಂಜೆ ಅಲ್ಲಿಗೇ ಬಂದರೂ ನನಗೆ ನಷ್ಟ. ಕೊನೆಯ ದಿನ ಪ್ರೀಮಿಯಂ ಬೇಗ ಕರಗುತ್ತದೆ, ಮಾರಿದವರಿಗೇ ಲಾಭ ಅನ್ನುತ್ತಾರಲ್ಲ?

ಉತ್ತರ: ನಿಮ್ಮ ದುಡ್ಡು ಹೋಗಿದ್ದು ಹೆಡ್ಜ್ ಸರಿಮಾಡುವಾಗ. ನೀವು ಲೆಕ್ಕ ಕಳಿಸಿಲ್ಲ, ಹಾಗಾಗಿ ಅಂಥದ್ದೇ ಒಂದು ದಿನವನ್ನು ನಾನೇ ಬಿಡಿಸಿ ತೋರಿಸುತ್ತೇನೆ.

ಸೂಚ್ಯಂಕ 10,000ದಲ್ಲಿದೆ, ದಿನಕ್ಕೆ ಸುಮಾರು 1% ಅಂದರೆ 100 ಪಾಯಿಂಟ್ ಆಡುತ್ತದೆ ಎಂದಿಟ್ಟುಕೊಳ್ಳಿ. ವರ್ಷದ ಲೆಕ್ಕದಲ್ಲಿ ಇದು ಸುಮಾರು 16% ವೊಲಟಿಲಿಟಿ. ಎಕ್ಸ್‌ಪೈರಿಗೆ ಒಂದೇ ದಿನ ಇರುವಾಗ 10,000 ಸ್ಟ್ರೈಕ್ ಕಾಲ್‌ನ ಬೆಲೆ ಸುಮಾರು 40. ನೀವು 1,000 ಯೂನಿಟ್ ಮಾರಿದಿರಿ, 40,000 ಪ್ರೀಮಿಯಂ ಬಂತು. ಡೆಲ್ಟಾ 0.5, ಹಾಗಾಗಿ 500 ಯೂನಿಟ್ ಫ್ಯೂಚರ್ಸ್ ಕೊಂಡಿರಿ.

ಮಧ್ಯಾಹ್ನ ಸೂಚ್ಯಂಕ 10,100ಕ್ಕೆ ಏರಿತು. ದಿನದ ಕಾಲು ಭಾಗವಷ್ಟೇ ಉಳಿದಿದೆ. ಆಗ ಡೆಲ್ಟಾ 0.98. ಹೆಡ್ಜ್ ಸರಿಮಾಡಲು ಇನ್ನೂ 480 ಯೂನಿಟ್‌ಗಳನ್ನು 10,100ರಲ್ಲಿ ಕೊಂಡಿರಿ. ಕೊನೆಯ ಗಂಟೆಯಲ್ಲಿ ಸೂಚ್ಯಂಕ ಮತ್ತೆ 10,000ಕ್ಕೆ ಇಳಿಯಿತು, ಡೆಲ್ಟಾ ಮತ್ತೆ 0.5. ಆ 480ನ್ನು 10,000ಕ್ಕೆ ಮಾರಿದಿರಿ. ಮೇಲೆ ಕೊಂಡು ಕೆಳಗೆ ಮಾರಿದ್ದರಿಂದ 48,000 ಹೋಯಿತು. ಬೆಳಿಗ್ಗೆ ಕೊಂಡ 500ರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ದಿನ ಅಲ್ಲೇ ಮುಗಿದರೆ ಆಪ್ಶನ್ ಬೆಲೆ ಸೊನ್ನೆ, ಇಡೀ ಪ್ರೀಮಿಯಂ ನಿಮ್ಮದೇ. ಆದರೂ ಕೈಯಿಂದ 8,000 ಹೋಗಿದೆ.

ಇದೇ ಏರಿಳಿತ ಎಕ್ಸ್‌ಪೈರಿಗೆ 25 ವಹಿವಾಟು ದಿನ ಇರುವಾಗ ಆಗಿದ್ದರೆ? 10,100ಕ್ಕೆ ಹೋದಾಗ ಡೆಲ್ಟಾ 0.5ರಿಂದ 0.58ಕ್ಕೆ ಬರುತ್ತಿತ್ತು, ಅಷ್ಟೆ. ನೀವು 80 ಯೂನಿಟ್ ಕೊಂಡು ಮಾರುತ್ತಿದ್ದಿರಿ, ನಷ್ಟ 8,000. ಎರಡು ಲಕ್ಷದ ಪ್ರೀಮಿಯಂ ಎದುರು ಅದು ಕಣ್ಣಿಗೆ ಬೀಳುವುದೇ ಇಲ್ಲ. ದಿನಕ್ಕೊಮ್ಮೆ ಸರಿಮಾಡಿದರೆ ಸಾಕು ಎಂಬ ಅಭ್ಯಾಸ ನಿಮಗೆ ಬಂದಿದ್ದು ಇಲ್ಲಿಂದಲೇ.

ಕಾರಣ ಸರಳವಾಗಿದೆ. ಡೆಲ್ಟಾವನ್ನು ಸ್ಥೂಲವಾಗಿ, ಕಾಲ್ ಲಾಭದಲ್ಲಿ ಮುಗಿಯುವ ಸಂಭವ ಎಂದುಕೊಳ್ಳಿ. 25 ದಿನ ಇದ್ದಾಗ ಸೂಚ್ಯಂಕ 500 ಪಾಯಿಂಟ್ ಅತ್ತಿತ್ತ ಹೋಗಬಹುದು, ಹಾಗಾಗಿ 100 ಪಾಯಿಂಟ್ ಏರಿದ ಮಾತ್ರಕ್ಕೆ ಏನೂ ಇತ್ಯರ್ಥವಾಗುವುದಿಲ್ಲ. ಕಾಲು ದಿನ ಇದ್ದಾಗ ಆ ಹರಹು ಬರೀ 50 ಪಾಯಿಂಟ್. ಆಗ 100 ಪಾಯಿಂಟ್ ಮೇಲಿದ್ದರೆ ಆಟ ಹೆಚ್ಚುಕಮ್ಮಿ ಮುಗಿದಂತೆ. ಹರಹು ಉಳಿದ ಸಮಯದ ವರ್ಗಮೂಲದ ಪ್ರಕಾರ ಕುಗ್ಗುತ್ತದೆ. ಸೂಚ್ಯಂಕ ಒಂದು ಪಾಯಿಂಟ್ ಆಡಿದರೆ ಡೆಲ್ಟಾ ಎಷ್ಟು ಬದಲಾಗುತ್ತದೆ ಎಂಬುದೇ ಗಾಮಾ. 0.4ನ್ನು ಆ ಹರಹಿನಿಂದ ಭಾಗಿಸಿದರೆ ಎಟಿಎಂ ಗಾಮಾ ಸಿಗುತ್ತದೆ: 25 ದಿನ ಇದ್ದಾಗ 0.0008, ಒಂದು ದಿನ ಇದ್ದಾಗ 0.004, ಕಾಲು ದಿನ ಇದ್ದಾಗ 0.008. ಅಂದರೆ ಕೊನೆಯ ಬೆಳಿಗ್ಗೆ ಐದು ಪಟ್ಟು, ಅದೇ ಮಧ್ಯಾಹ್ನ ಹತ್ತು ಪಟ್ಟು.

ಇನ್ನು ಪ್ರೀಮಿಯಂ ಕರಗುವ ಮಾತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 25 ದಿನ ಇದ್ದಾಗ ಈ ಕಾಲ್ ದಿನಕ್ಕೆ ಸುಮಾರು 4 ಪಾಯಿಂಟ್ ಕರಗುತ್ತಿತ್ತು. ಕೊನೆಯ ಬೆಳಿಗ್ಗೆ ಆ ವೇಗ ದಿನಕ್ಕೆ 20. ಇದೂ ಸರಿಯಾಗಿ ಐದು ಪಟ್ಟು. ಈ ಕರಗುವ ವೇಗ, ಅಂದರೆ ಥೀಟಾ, ಮತ್ತು ಗಾಮಾ ಜೊತೆಜೊತೆಗೇ ಏರುತ್ತವೆ. ಹಾಗಾಗಿ ಸಮಬಿಂದು ಬದಲಾಗುವುದಿಲ್ಲ. 25 ದಿನ ಉಳಿದಿರಲಿ, ಕೊನೆಯ ದಿನವೇ ಆಗಲಿ, ಸೂಚ್ಯಂಕ ದಿನಕ್ಕೆ 100 ಪಾಯಿಂಟ್‌ಗಿಂತ ಕಡಿಮೆ ಆಡಿದರೆ ಮಾರಿದವರಿಗೆ ಲಾಭ, ಹೆಚ್ಚು ಆಡಿದರೆ ನಷ್ಟ. ನಷ್ಟವೋ ಚಲನೆಯ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ಚಲನೆ ಎರಡು ಪಟ್ಟಾದರೆ ಗಾಮಾದ ಪೆಟ್ಟು ನಾಲ್ಕು ಪಟ್ಟು. ಕೊನೆಯ ದಿನ ನಿಮಗೆ ಬರುವ ದೊಡ್ಡ ಥೀಟಾ, ನೀವು ಹೊತ್ತ ದೊಡ್ಡ ಗಾಮಾದ ಕೂಲಿ. ಅದನ್ನು ಪುಕ್ಕಟೆ ಹಣ ಎಂದು ಹೇಳಿಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹೊಸಬರು ಅದನ್ನು ನಂಬಿ ಲಾಟ್ ಹೆಚ್ಚಿಸುತ್ತಾರೆ.

ಇನ್ನೊಂದು ವಿಷಯಕ್ಕೆ ತುಂಬ ಜನ ಮೋಸಹೋಗುತ್ತಾರೆ. ಪರದೆಯ ಮೇಲೆ ಕಾಣುವ ಗಾಮಾ ಈ ಕ್ಷಣದ ಬೆಲೆಗೆ ಮಾತ್ರ ಸೇರಿದ್ದು. 25 ದಿನ ಇದ್ದಾಗ 10,300 ಸ್ಟ್ರೈಕ್‌ನ ಗಾಮಾ 0.00067, ಎಟಿಎಂಗಿಂತ ಸ್ವಲ್ಪವೇ ಕಡಿಮೆ. ಒಂದು ದಿನ ಉಳಿದಾಗ ಅದೇ ಸ್ಟ್ರೈಕ್‌ನದು 0.00004, ಎಟಿಎಂನ ತೊಂಬತ್ತರಲ್ಲಿ ಒಂದು ಪಾಲು. ಅದನ್ನು ನೋಡಿ ಇಲ್ಲಿ ರಿಸ್ಕ್ ಇಲ್ಲ ಅಂದುಕೊಂಡು ದೂರದ ಸ್ಟ್ರೈಕ್‌ಗಳನ್ನು ರಾಶಿ ರಾಶಿ ಮಾರುತ್ತಾರೆ. ಸೂಚ್ಯಂಕ 10,300ರ ಹತ್ತಿರ ಬಂದ ದಿನ ಇಡೀ ಗಾಮಾ ಅಲ್ಲಿ ಎದ್ದು ನಿಲ್ಲುತ್ತದೆ, ಅದೂ ಸಮಯ ಕಡಿಮೆ ಇರುವುದರಿಂದ ಇನ್ನೂ ಮೊನಚಾಗಿ. ಅದಕ್ಕೇ ನಾನು ಕೊನೆಯ ದಿನದ ಬೆಳಿಗ್ಗೆ ಒಂದು ಹಾಳೆಯಲ್ಲಿ 9,700ರಿಂದ 10,300ರವರೆಗೆ ಐವತ್ತೈವತ್ತು ಪಾಯಿಂಟ್‌ಗೆ ಸಾಲು ಹಾಕಿ, ಈಗ, ಮಧ್ಯಾಹ್ನ, ಕೊನೆಯ ಅರ್ಧ ಗಂಟೆ ಎಂದು ಮೂರು ಕಾಲಂ ಮಾಡಿ, ಪ್ರತಿ ಚೌಕದಲ್ಲೂ ನಿವ್ವಳ ಡೆಲ್ಟಾ ಬರೆಯುತ್ತೇನೆ. ಪಕ್ಕಪಕ್ಕದ ಎರಡು ಸಾಲುಗಳ ನಡುವೆ ಡೆಲ್ಟಾ ಎಷ್ಟು ಹಾರುತ್ತದೋ ಅಷ್ಟು ಯೂನಿಟ್‌ಗಳನ್ನು ಆ ಹೊತ್ತಿನ ಬೆಲೆಯಲ್ಲಿ ನಾನು ನಿಜವಾಗಿ ಕೊಂಡು ಮಾರಬಲ್ಲೆನೇ ಎಂಬುದೇ ನನ್ನ ಪರೀಕ್ಷೆ. ಆಗುವುದಿಲ್ಲ ಅನ್ನಿಸಿದರೆ ಪೊಸಿಷನ್ ದೊಡ್ಡದಾಯಿತು ಎಂದರ್ಥ.

ನಿಮಗೆ ನನ್ನ ಸಲಹೆ: ಗಾಮಾವನ್ನು 25 ದಿನ ಇದ್ದಾಗಿನ ಮಟ್ಟದಲ್ಲೇ ಇಡಬೇಕೆಂದರೆ ಕೊನೆಯ ದಿನ 1,000ದ ಬದಲು 200 ಯೂನಿಟ್ ಮಾತ್ರ ಇರಬೇಕು. ಸಿಗುವ ಪ್ರೀಮಿಯಂ 8,000 ಎಂದಾಗುತ್ತದೆ, ಆಸೆ ಹುಟ್ಟಿಸುವ ಮೊತ್ತವಲ್ಲ. ಅಷ್ಟಕ್ಕೆ ಇಡೀ ದಿನ ಪರದೆ ಮುಂದೆ ಕೂರಲು ಮನಸ್ಸಿಲ್ಲದಿದ್ದರೆ ಮೂರ್ನಾಲ್ಕು ದಿನ ಮೊದಲೇ ಮುಚ್ಚಿ ಮುಂದಿನ ಎಕ್ಸ್‌ಪೈರಿಗೆ ರೋಲ್ ಮಾಡಿ. ನಾನಂತೂ ಹಾಗೇ ಮಾಡುತ್ತೇನೆ. ಮೇಲಿನ ಸ್ಟ್ರೈಕ್ ಒಂದನ್ನು ಕೊಂಡಿಟ್ಟರೆ ದೊಡ್ಡ ಜಿಗಿತದ ನಷ್ಟಕ್ಕೆ ಮಿತಿ ಬೀಳುತ್ತದೆ, ಆದರೆ ಮೇಲೆ ಹೇಳಿದ ಕಾರಣಕ್ಕೇ ಅದು 10,000ದ ಸುತ್ತಮುತ್ತಲಿನ ಗಾಮಾವನ್ನು ತಗ್ಗಿಸುವುದಿಲ್ಲ. ನಿಮ್ಮ 48,000ವನ್ನು ಅದು ಉಳಿಸುತ್ತಿರಲಿಲ್ಲ.

ಈ ಲೆಕ್ಕಗಳೆಲ್ಲ ಬೆಲೆ ಮೆಲ್ಲಗೆ, ಎಡೆಬಿಡದೆ ಚಲಿಸುತ್ತದೆ ಎಂದು ಭಾವಿಸುತ್ತವೆ. ಉಳಿದ ಗಂಟೆಗಳಲ್ಲಿ ಬಡ್ಡಿದರದಂಥ ದೊಡ್ಡ ಘೋಷಣೆ ಇದ್ದರೆ ವರ್ಗಮೂಲದ ನಿಯಮವನ್ನು ನೆಚ್ಚಬೇಡಿ. ಬೆಲೆ ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ, ನಡುವೆ ಹೆಡ್ಜ್ ಸರಿಮಾಡಲು ಎಡೆಯೇ ಸಿಗುವುದಿಲ್ಲ. ಹಾಗೆಯೇ ಸೆಟಲ್‌ಮೆಂಟ್ ಬೆಲೆ ಹೇಗೆ ತೀರ್ಮಾನವಾಗುತ್ತದೆ ಎಂದು ಕಾಂಟ್ರಾಕ್ಟ್ ನಿಯಮದಲ್ಲಿ ನೋಡಿಕೊಳ್ಳಿ. ಕೊನೆಯ ಅವಧಿಯ ಸರಾಸರಿ ತೆಗೆದುಕೊಳ್ಳುವಲ್ಲಿ ಆ ಅವಧಿ ಶುರುವಾದ ಮೇಲೆ ಗಾಮಾ ತಾನಾಗಿ ಇಳಿಯುತ್ತ ಬರುತ್ತದೆ. ಕೊನೆಯ ಒಂದೇ ಬೆಲೆಯ ಮೇಲೆ ಸೆಟಲ್ ಆಗುವಲ್ಲಿ ಮುಕ್ತಾಯದ ಗಂಟೆಯವರೆಗೂ ಏರುತ್ತಲೇ ಇರುತ್ತದೆ.